ತೆರಿಗೆಯ ಮೇಲೊಂದು ತೆರಿಗೆ

ಪೆಟ್ರೋಲ್ ಬಂಕಿನಲ್ಲಿ ಕೊಡುವ ರಸೀದಿಯಲ್ಲಿ ದರ, ಲೀಟರ್, ಮೊತ್ತ ಇರುತ್ತವೆ. ತೆರಿಗೆ ಎಷ್ಟು ಎಂಬುದು ಇರುವುದಿಲ್ಲ. ಹೋಟೆಲಿನ ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಪೈಸೆಯ ತನಕ ತೋರಿಸುತ್ತಾರೆ. ಪೆಟ್ರೋಲ್ ಇನ್ನೂ ಜಿಎಸ್‌ಟಿಗೆ ಸೇರಿಲ್ಲ. ಹಾಗಾಗಿ ಅದರ ಮೇಲೆ ಕೇಂದ್ರದ ಅಬಕಾರಿ ಸುಂಕವೂ ಇದೆ, ರಾಜ್ಯದ ಮಾರಾಟ ತೆರಿಗೆಯೂ ಇದೆ. ಎರಡೂ ದರದೊಳಗೇ ಅಡಗಿರುತ್ತವೆ.

ಅಡಗಿದ್ದನ್ನು ಹೊರತೆಗೆಯಲು 2024ರ ಜೂನ್ ತಿಂಗಳು ಒಳ್ಳೆಯ ಉದಾಹರಣೆ. ಆಗ ಕರ್ನಾಟಕ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ₹99.84 ಇದ್ದ ದರ ₹3ರಷ್ಟು ಏರಿ ₹102.84ರ ಆಸುಪಾಸಿಗೆ ಬಂತು. ತೆರಿಗೆ ಏರಿದ್ದು ಶೇ 3.92, ಅದರಿಂದ ಹೆಚ್ಚಿದ್ದು ₹3. ಅಂದಮೇಲೆ ತೆರಿಗೆ ಬೀಳುತ್ತಿದ್ದ ಮೊತ್ತ ಸುಮಾರು ₹76.50. ಅದರ ಶೇ 29.84 ಎಂದರೆ ಹೆಚ್ಚುಕಡಿಮೆ ₹22.80. ಇದು ರಾಜ್ಯದ ಪಾಲು. ಇವೆರಡನ್ನೂ ಕೂಡಿಸಿ ₹102.84ರಿಂದ ಕಳೆದರೆ ಉಳಿಯುವ ಮೂರೂವರೆ ರೂಪಾಯಿಯಷ್ಟು ಬಂಕಿನವರ ಕಮಿಷನ್.

ಆ ₹76.50 ಪೂರ್ತಿ ಎಣ್ಣೆಯ ಬೆಲೆಯಲ್ಲ. ಅದರಲ್ಲಿ ಕೇಂದ್ರದ ಸುಂಕ ₹19.90 ಆಗಲೇ ಸೇರಿತ್ತು. ಅದನ್ನು ತೆಗೆದರೆ ಕಚ್ಚಾ ತೈಲ, ಸಂಸ್ಕರಣೆ, ಸಾಗಣೆ, ಕಂಪನಿಯ ಲಾಭ ಎಲ್ಲವೂ ಸೇರಿ ಉಳಿಯುವುದು ₹56.60ರಷ್ಟು. ಅಲ್ಲಿಗೆ ₹102.84ರಲ್ಲಿ ಸರ್ಕಾರಗಳಿಗೆ ಹೋದದ್ದು ₹42ಕ್ಕೂ ಹೆಚ್ಚು.

ರಾಜ್ಯದ ತೆರಿಗೆ ಕೇಂದ್ರದ ಸುಂಕದ ಮೇಲೂ ಬೀಳುತ್ತದೆ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ₹19.90ರ ಶೇ 29.84 ಎಂದರೆ ಸುಮಾರು ₹5.94. ಪ್ರತಿ ಲೀಟರಿಗೆ ಇಷ್ಟನ್ನು ನಾವು ಕಟ್ಟುವುದು ಎಣ್ಣೆಗಲ್ಲ, ತೆರಿಗೆಗೆ ತೆರಿಗೆಯಾಗಿ. 2022ರ ಮೇ 21ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪೆಟ್ರೋಲ್ ಸುಂಕವನ್ನು ₹8 ಇಳಿಸುವುದಾಗಿ ಹೇಳಿದಾಗ, ದರ ₹9.50 ಇಳಿಯುತ್ತದೆ ಎಂದದ್ದು ಇದೇ ಲೆಕ್ಕದಿಂದ. ಎಂಟಕ್ಕಿಂತ ಹೆಚ್ಚಿನದು ರಾಜ್ಯಗಳ ತೆರಿಗೆಯಲ್ಲಿ ತಾನಾಗಿ ಕಡಿಮೆಯಾಗುವ ಹಣ. ಕೇಂದ್ರ ಸುಂಕ ಏರಿಸಿದರೂ ಹೀಗೆಯೇ: ರಾಜ್ಯ ಬಾಯಿ ಬಿಡದೆ ಕುಳಿತರೂ ಅದರ ಆದಾಯ ಏರುತ್ತದೆ. ಕೇಂದ್ರದ್ದು ಲೀಟರಿಗೆ ಇಷ್ಟು ಎಂಬ ನಿಗದಿತ ಮೊತ್ತ. ಕಚ್ಚಾ ತೈಲ ಏರಲಿ ಇಳಿಯಲಿ, ಅದು ಅಲ್ಲೇ ಇರುತ್ತದೆ. ಶೇಕಡಾವಾರು ತೆರಿಗೆ ಹಾಕುವ ರಾಜ್ಯಕ್ಕೆ ದರ ಏರಿದಷ್ಟೂ ಲಾಭ.

ಹಾಗೆಂದು ರಾಜ್ಯಗಳೇ ಸುಖವಾಗಿವೆ ಎನ್ನುವಂತಿಲ್ಲ. ಆ ₹19.90ರ ಒಳಗೆ ನಾಲ್ಕು ಬಾಬ್ತುಗಳಿದ್ದವು. ವಿಶೇಷ ಹೆಚ್ಚುವರಿ ಅಬಕಾರಿ ಸುಂಕ ₹11, ರಸ್ತೆ ಮತ್ತು ಮೂಲಸೌಕರ್ಯ ಸೆಸ್ ₹5, ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ ₹2.50. ಮೂಲ ಅಬಕಾರಿ ಸುಂಕ ಮಾತ್ರ ₹1.40. ಸಂವಿಧಾನದ 270ನೇ ವಿಧಿಯ ಪ್ರಕಾರ ಸೆಸ್ ಮತ್ತು ಸರ್ಚಾರ್ಜ್‌ಗಳನ್ನು ಕೇಂದ್ರ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಿಲ್ಲ. ಹಂಚಿಕೆಗೆ ಸಿಗುವುದು ಆ ₹1.40 ಮಾತ್ರ. 15ನೇ ಹಣಕಾಸು ಆಯೋಗ ಹೇಳಿದ ಶೇ 41ರಂತೆ ಎಲ್ಲ ರಾಜ್ಯಗಳಿಗೂ ಸೇರಿ ಸಿಕ್ಕಿದ್ದು 57 ಪೈಸೆ. ಅದರಲ್ಲಿ ಕರ್ನಾಟಕದ ಪಾಲು ಶೇ 3.647, ಅಂದರೆ ಲೀಟರಿಗೆ ಎರಡು ಪೈಸೆ.

ಮೊದಲು ಹೀಗಿರಲಿಲ್ಲ. 2018ರ ಬಜೆಟ್‌ನಲ್ಲಿ ಮೂಲ ಸುಂಕವನ್ನು ₹2 ಇಳಿಸಿ, ₹6ರ ಹೆಚ್ಚುವರಿ ಸುಂಕವನ್ನು ತೆಗೆದು, ಆ ಜಾಗದಲ್ಲಿ ₹8ರ ರಸ್ತೆ ಸೆಸ್ ತಂದರು. ಗ್ರಾಹಕನಿಗೆ ಒಂದು ಪೈಸೆಯೂ ವ್ಯತ್ಯಾಸವಾಗಲಿಲ್ಲ, ರಾಜ್ಯಗಳ ಹಂಚಿಕೆಯ ಹಣ ಮಾತ್ರ ಕರಗಿತು. 2021ರಲ್ಲಿ ಕೃಷಿ ಸೆಸ್ ಬಂದಾಗಲೂ ಮೂಲ ಸುಂಕ ₹2.98ರಿಂದ ₹1.40ಕ್ಕೆ ಇಳಿಯಿತು. ಅಂದಿನ ಒಟ್ಟು ಸುಂಕ ₹32.98ರಿಂದ ₹32.90 ಆಯಿತು, ಅಷ್ಟೆ. ಇದನ್ನು ಜಾಣತನ ಎನ್ನಬಹುದು, ಒಕ್ಕೂಟದ ನ್ಯಾಯ ಎನ್ನುವುದು ಕಷ್ಟ. ರಾಜ್ಯಗಳು ತಮ್ಮ ಮಾರಾಟ ತೆರಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿರುವುದಕ್ಕೂ, ಪೆಟ್ರೋಲನ್ನು ಜಿಎಸ್‌ಟಿಗೆ ಸೇರಿಸಲು ಒಪ್ಪದಿರುವುದಕ್ಕೂ ಇದು ಒಂದು ಕಾರಣ.

2025ರ ಏಪ್ರಿಲ್‌ನಲ್ಲಿ ಕೇಂದ್ರ ಮತ್ತೆ ₹2 ಏರಿಸಿತು. ಆ ಹೊರೆ ತೈಲ ಕಂಪನಿಗಳ ಮೇಲೆ ಬಿದ್ದದ್ದರಿಂದ ಬಂಕಿನ ದರ ಬದಲಾಗಲಿಲ್ಲ. ಏರಿಕೆ ಆಗಿದ್ದೇ ಹಲವರಿಗೆ ತಿಳಿಯಲಿಲ್ಲ. ಹಾಗಾಗಿ ಮುಂದೆ ಸುಂಕ ಏರಿತು, ಇಳಿಯಿತು ಎಂಬ ಸುದ್ದಿ ಬಂದಾಗ ಮೊತ್ತದ ಜೊತೆಗೆ ಅದು ಯಾವ ಬಾಬ್ತಿನಲ್ಲಿ ಎಂಬುದನ್ನೂ ನೋಡಿ. ಹಣ ಯಾವ ಖಜಾನೆಗೆ ಸೇರುತ್ತದೆ ಎಂಬುದು ಆ ಹೆಸರಿನಿಂದಲೇ ಗೊತ್ತಾಗುತ್ತದೆ.