ಅಡ್ವಾನ್ಸ್ ಹಣದ ಕಡಿತ: ಬಾಡಿಗೆದಾರನ ಪತ್ರ ಹೇಗಿರಬೇಕು?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದ ಮೇಲೆ ಅಡ್ವಾನ್ಸ್ ಹಣ ಪೂರ್ತಿ ಕೈಗೆ ಬರುವುದು ಅಪರೂಪ. ಪೇಂಟಿಂಗ್, ಕ್ಲೀನಿಂಗ್, ರಿಪೇರಿ ಎಂದು ಪಟ್ಟಿ ಮಾಡಿ ಮಾಲೀಕರು ಒಂದಷ್ಟು ಹಣ ಹಿಡಿದುಕೊಳ್ಳುತ್ತಾರೆ. ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಮುರಿದುಕೊಳ್ಳುವುದಂತೂ ಊರಿನ ವಾಡಿಕೆಯೇ ಆಗಿದೆ. ಈ ಕಡಿತವನ್ನು ಪ್ರಶ್ನಿಸುವ ಮೊದಲ ಹೆಜ್ಜೆ ಲಿಖಿತ ಪತ್ರ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅದು ಅನ್ವಯವಾಗದು. ಹಾಗಾಗಿ ಪತ್ರಕ್ಕೆ ಮುಖ್ಯ ಆಧಾರ ಎರಡು: ಬಾಡಿಗೆ ಕರಾರು ಪತ್ರ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ. ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಬಾಡಿಗೆದಾರ ಹಿಂದಿರುಗಿಸಬೇಕು, ಆದರೆ ಸಹಜ ಬಳಕೆಯಿಂದಾದ ಸವೆತಕ್ಕೆ ಅವನು ಹೊಣೆಯಲ್ಲ ಎಂದು ಆ ಕಲಂ ಹೇಳುತ್ತದೆ. ಇದಕ್ಕೆ ವಿರುದ್ಧವಾದ ಕರಾರಾಗಲಿ ಸ್ಥಳೀಯ ವಾಡಿಕೆಯಾಗಲಿ ಇಲ್ಲದಿದ್ದಾಗ ಮಾತ್ರ ಈ ನಿಯಮ ಅನ್ವಯ. ಪತ್ರ ಬರೆಯುವ ಮುನ್ನ ಕರಾರನ್ನು ಸಾಲು ಸಾಲಾಗಿ ಓದಬೇಕಾದುದು ಇದೇ ಕಾರಣಕ್ಕೆ.

ಒಂದು ಉದಾಹರಣೆ ನೋಡಬಹುದು. ತಿಂಗಳಿಗೆ 20,000 ರೂ. ಬಾಡಿಗೆ, 1,50,000 ರೂ. ಅಡ್ವಾನ್ಸ್, ಬಾಡಿಗೆದಾರ ಮನೆಯಲ್ಲಿದ್ದದ್ದು ಮೂರು ವರ್ಷ. ಮಾಲೀಕರು 36,000 ರೂ. ಮುರಿದುಕೊಂಡು ಉಳಿದದ್ದನ್ನು ಕೊಟ್ಟಿದ್ದಾರೆ. ಅವರ ಪಟ್ಟಿಯಲ್ಲಿ ಪೇಂಟಿಂಗ್ 20,000, ಹೊಸ ಗೀಸರ್ 8,000, ಕ್ಲೀನಿಂಗ್ 5,000, ಕೊನೆಯ ಕರೆಂಟ್ ಬಿಲ್ 1,800, ಒಡೆದ ನಲ್ಲಿ 1,200 ಎಂದಿದೆ.

ಒಳ್ಳೆಯ ಪತ್ರ ಇಡೀ ಪಟ್ಟಿಯನ್ನು ತಳ್ಳಿಹಾಕುವುದಿಲ್ಲ. ಕರೆಂಟ್ ಬಿಲ್ಲು ಬಾಡಿಗೆದಾರನೇ ಕಟ್ಟಬೇಕಾದದ್ದು, ನಲ್ಲಿ ಒಡೆದದ್ದು ಅವನ ಮನೆಯವರಿಂದ. ಈ 3,000 ರೂಪಾಯಿಯನ್ನು ಮೊದಲೇ ಒಪ್ಪಿಕೊಂಡರೆ ಉಳಿದ ತಕರಾರಿಗೆ ತೂಕ ಬರುತ್ತದೆ. ಗೀಸರಿನ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದು ಸೋರಿದ್ದರೆ ಅದು ಸವೆತವೇ ಹೊರತು ಹಾನಿಯಲ್ಲ. ಬಾಡಿಗೆದಾರನ ಅಜಾಗರೂಕತೆಯಿಂದಲೇ ಕೆಟ್ಟಿದ್ದರೂ ಹಳೆಯ ಗೀಸರಿಗೆ ಹೊಸದರ ಪೂರ್ತಿ ಬೆಲೆ ಕೇಳುವುದು ನ್ಯಾಯವಲ್ಲ. ಕ್ಲೀನಿಂಗ್ ವಿಷಯದಲ್ಲಿ ಕೀ ಒಪ್ಪಿಸಿದ ದಿನ ತೆಗೆದ ಫೋಟೊ, ವಿಡಿಯೊಗಳನ್ನು ಲಗತ್ತಿಸಿ, ಯಾವ ಕೆಲಸಕ್ಕೆ ಯಾರಿಗೆ ಹಣ ಕೊಡಲಾಯಿತು ಎಂಬ ರಸೀದಿ ಕೇಳಬೇಕು.

ಹೆಚ್ಚು ಜಗಳ ಹುಟ್ಟುವುದು ಪೇಂಟಿಂಗ್‌ನಲ್ಲಿ. ‘ಒಂದು ತಿಂಗಳ ಬಾಡಿಗೆ ಕಡಿತ’ ಎಂದು ಕರಾರಿನಲ್ಲೇ ಬರೆದು ಸಹಿ ಮಾಡಿದ್ದರೆ ಬಾಡಿಗೆದಾರನ ವಾದ ದುರ್ಬಲ. ‘ಪೇಂಟಿಂಗ್‌ಗೆ ತಗಲುವ ನಿಜವಾದ ವೆಚ್ಚ’ ಎಂದಿದ್ದರೆ ಬಿಲ್ಲಿಲ್ಲದೆ ಕಡಿತವಿಲ್ಲ. ಕರಾರು ಮೌನವಾಗಿದ್ದರೆ ಮೂರು ವರ್ಷದಲ್ಲಿ ಬಣ್ಣ ಮಾಸಿದ್ದು ಸಹಜ ಸವೆತವೆಂದು ವಾದಿಸಬಹುದು. ಆದರೆ ಮಾಲೀಕರು ಸ್ಥಳೀಯ ವಾಡಿಕೆಯನ್ನು ಮುಂದಿಡಬಹುದು. ಈ ಉದಾಹರಣೆಯ ಕರಾರಿನಲ್ಲಿ ‘ನಿಜವಾದ ವೆಚ್ಚ’ ಎಂದಿದೆ, ಮಾಲೀಕರು ಬಿಲ್ ತೋರಿಸಿಲ್ಲ. ಆಗ ಪತ್ರದ ಮುಖ್ಯ ಭಾಗ ಹೀಗಿರಬಹುದು:

“ಮಾನ್ಯರೇ, ತಾವು ಮುರಿದುಕೊಂಡ 36,000 ರೂ.ಗಳಲ್ಲಿ ಕರೆಂಟ್ ಬಿಲ್ ಮತ್ತು ನಲ್ಲಿಯ 3,000 ರೂ. ನನಗೆ ಒಪ್ಪಿಗೆ. ಪೇಂಟಿಂಗ್, ಗೀಸರ್, ಕ್ಲೀನಿಂಗ್ ಬಾಬ್ತಿನ 33,000 ರೂ. ಕಡಿತಕ್ಕೆ ಒಪ್ಪಿಗೆ ಇಲ್ಲ. ಪೇಂಟಿಂಗ್ ಮಾಡಿಸಿದ್ದರೆ ಬಿಲ್ ಕಳಿಸಿ; ಕರಾರಿನಂತೆ ಆ ಮೊತ್ತವನ್ನು ಬಿಟ್ಟುಕೊಡುತ್ತೇನೆ. ಉಳಿದ ಹಣವನ್ನು ಈ ಪತ್ರ ತಲುಪಿದ 15 ದಿನಗಳೊಳಗೆ ನನ್ನ ಖಾತೆಗೆ ಜಮಾ ಮಾಡಬೇಕು. ತಪ್ಪಿದರೆ ಈ ಪತ್ರದ ದಿನಾಂಕದಿಂದ ಬಡ್ಡಿಯನ್ನೂ ಕೇಳುತ್ತೇನೆ.”

ಬಡ್ಡಿಯ ಸಾಲು ಬರೀ ಬೆದರಿಕೆಯಲ್ಲ. ಬಡ್ಡಿ ಕೇಳುವುದಾಗಿ ಲಿಖಿತ ನೋಟಿಸ್ ಕೊಟ್ಟಿದ್ದರೆ, ಅದರಲ್ಲಿ ಹೇಳಿದ ದಿನಾಂಕದಿಂದ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯ್ದೆ ನ್ಯಾಯಾಲಯಕ್ಕೆ ಅವಕಾಶ ಕೊಡುತ್ತದೆ. ಪತ್ರದ ಜೊತೆಗೆ ಕರಾರಿನ ಪ್ರತಿ, ಅಡ್ವಾನ್ಸ್ ಕೊಟ್ಟ ಬ್ಯಾಂಕ್ ದಾಖಲೆ, ಕೀ ಒಪ್ಪಿಸಿದ ದಿನದ ವಾಟ್ಸ್ಆ್ಯಪ್ ಸಂದೇಶ, ಫೋಟೊಗಳನ್ನು ಇಡಬೇಕು. ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅದರ ಪ್ರತಿಯನ್ನು ಇ-ಮೇಲ್ ಮಾಡುವುದು ವಾಡಿಕೆ. ನಗದಾಗಿ ಕೊಟ್ಟು ರಸೀದಿ ಪಡೆಯದಿದ್ದವರು, ಕರಾರಿನಲ್ಲಿ ಅಡ್ವಾನ್ಸ್ ಮೊತ್ತವನ್ನು ಕಡಿಮೆ ತೋರಿಸಿದವರು ಸೋಲುವುದು ಇಲ್ಲೇ.

ಉತ್ತರ ಬಾರದಿದ್ದರೆ ವಕೀಲರ ನೋಟಿಸ್, ಬಳಿಕ ಹಣ ವಸೂಲಿಯ ಸಿವಿಲ್ ದಾವೆ. ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟು, ದಾವೆ ಪೂರ್ವ ಪ್ರಕರಣವಾಗಿ ಲೋಕ ಅದಾಲತ್‌ನಲ್ಲಿ ರಾಜಿಗೆ ಯತ್ನಿಸಬಹುದು. ಇಬ್ಬರೂ ಒಪ್ಪಿದರೆ ಮಾತ್ರ ಅಲ್ಲಿ ತೀರ್ಮಾನ. ದಾವೆಗೆ ಮೂರು ವರ್ಷಗಳ ಕಾಲಮಿತಿ ಇದ್ದು, ಕೀ ಒಪ್ಪಿಸಿದ ದಿನದಿಂದಲೇ ಅದನ್ನು ಲೆಕ್ಕ ಹಾಕಿಕೊಳ್ಳುವುದು ಕ್ಷೇಮ.