ಯಂತ್ರ ನಿಂತರೂ ಬಿಲ್ ಏಕೆ ನಿಲ್ಲುವುದಿಲ್ಲ?

ಬೆಂಗಳೂರಿನ ಪೀಣ್ಯದಂಥ ಕಡೆ ಸಣ್ಣ ಕಾರ್ಖಾನೆಗಳ ಕರೆಂಟ್ ಬಿಲ್ ಪರಿಶೀಲಿಸಿ, ಎಲ್ಲಿ ಹಣ ಪೋಲಾಗುತ್ತಿದೆ ಎಂದು ಹೇಳುವ ಸಲಹೆಗಾರರೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರು ಯಾವ ಕಂಪನಿಯ ನೌಕರರೂ ಅಲ್ಲ, ಸ್ವಂತವಾಗಿ ಕೆಲಸ ಮಾಡುವವರು. ಸಣ್ಣ ಉದ್ಯಮಿಗಳಿಗಾಗಿ ಕನ್ನಡದಲ್ಲಿ ಪಾಡ್‌ಕಾಸ್ಟ್ ನಡೆಸುವ ನಿರೂಪಕಿಯೊಬ್ಬರಿಗೆ ಇಮೇಲ್ ಬರೆದು, ತಮ್ಮನ್ನು ಅತಿಥಿಯಾಗಿ ಕರೆಯುವಂತೆ ಕೇಳಬೇಕೆಂದಿದ್ದಾರೆ.

ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ‘ನಾನು ಈ ಕ್ಷೇತ್ರದಲ್ಲಿ 18 ವರ್ಷಗಳಿಂದ ಇದ್ದೇನೆ. ನಿಮ್ಮ ಕಾರ್ಯಕ್ರಮ ತುಂಬ ಚೆನ್ನಾಗಿದೆ. ನನ್ನ ಅನುಭವ ಹಂಚಿಕೊಳ್ಳಲು ಅವಕಾಶ ಕೊಡಿ.’ ಜೊತೆಗೆ ನಾಲ್ಕು ಪುಟದ ಪರಿಚಯಪತ್ರ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಿರೂಪಕಿಗೆ ಬೇಕಾದದ್ದೂ ಇಲ್ಲ. ಸಣ್ಣ ಪಾಡ್‌ಕಾಸ್ಟ್‌ಗಳಲ್ಲಿ ಅತಿಥಿಯನ್ನು ಹುಡುಕುವುದು, ಪ್ರಶ್ನೆ ಸಿದ್ಧಪಡಿಸುವುದು, ರೆಕಾರ್ಡ್ ಮಾಡುವುದು, ಎಡಿಟ್ ಮಾಡುವುದು ಎಲ್ಲವೂ ಬಹುಮಟ್ಟಿಗೆ ಒಬ್ಬರದೇ ಕೆಲಸ. ಈ ಪತ್ರ ಓದಿದ ಮೇಲೂ ‘ಇವರೊಡನೆ ಯಾವುದರ ಬಗ್ಗೆ ಮಾತಾಡಲಿ?’ ಎಂಬ ಪ್ರಶ್ನೆಗೆ ಉತ್ತರವನ್ನು ಆಕೆಯೇ ಹುಡುಕಬೇಕು.

ಆದ್ದರಿಂದ ಪತ್ರಕ್ಕೆ ಕೂರುವ ಮುನ್ನ ಆ ಕಾರ್ಯಕ್ರಮದ ಮೂರ್ನಾಲ್ಕು ಸಂಚಿಕೆಗಳನ್ನಾದರೂ ಪೂರ್ತಿ ಕೇಳಬೇಕು. ಕೇಳುವಾಗ ಹುಡುಕಬೇಕಾದದ್ದು ಹೊಗಳಿಕೆಗೆ ವಸ್ತುವನ್ನಲ್ಲ, ಉತ್ತರ ಸಿಗದೆ ಉಳಿದ ಪ್ರಶ್ನೆಯನ್ನು. ನಮ್ಮ ಸಲಹೆಗಾರರಿಗೆ ಅಂಥದ್ದೊಂದು ಸಿಕ್ಕಿತು ಎನ್ನೋಣ. ವರ್ಕ್‌ಶಾಪ್ ಮಾಲೀಕರೊಬ್ಬರು ಒಂದು ಸಂಚಿಕೆಯಲ್ಲಿ, ‘ಆರ್ಡರ್ ಇಲ್ಲದೆ ಯಂತ್ರ ನಿಂತಿದ್ದರೂ ಕರೆಂಟ್ ಬಿಲ್ ಬರುತ್ತಲೇ ಇರುತ್ತದೆ’ ಎಂದು ಬೇಸರಪಟ್ಟರು. ಮಾತು ಬೇರೆ ಕಡೆ ಹೊರಳಿತು. ಇದಕ್ಕೆ ಕಾರಣ ಸಲಹೆಗಾರರಿಗೆ ಗೊತ್ತು. ಉರಿಸಿದ ಯೂನಿಟ್‌ಗಷ್ಟೇ ಅಲ್ಲ, ಮಂಜೂರಾದ ಲೋಡ್‌ಗೂ ಪ್ರತಿ ತಿಂಗಳು ನಿಗದಿತ ಶುಲ್ಕ ಬೀಳುತ್ತದೆ. ಎರಡು ಲೇತ್ ಮಾರಿದವರು ಲೋಡ್ ಇಳಿಸಲು ಅರ್ಜಿ ಹಾಕದಿದ್ದರೆ, ಹೋದ ಯಂತ್ರಗಳ ಬಾಬತ್ತಿನ ಶುಲ್ಕವನ್ನೂ ಕಟ್ಟುತ್ತಲೇ ಇರುತ್ತಾರೆ. ಈಗ ಪತ್ರಕ್ಕೆ ಒಂದು ವಸ್ತು ಸಿಕ್ಕಿತು.

‘ವಿಷಯ: ಯಂತ್ರ ನಿಂತರೂ ಬಿಲ್ ಏಕೆ ನಿಲ್ಲುವುದಿಲ್ಲ? ಒಂದು ಸಂಚಿಕೆಗೆ ಸಲಹೆ

ನಮಸ್ಕಾರ ಮೇಡಂ,

ಕಳೆದ ತಿಂಗಳ ಸಂಚಿಕೆಯಲ್ಲಿ ವರ್ಕ್‌ಶಾಪ್ ಮಾಲೀಕರು ಕರೆಂಟ್ ಬಿಲ್ ಬಗ್ಗೆ ಹೇಳಿದ್ದನ್ನು ಕೇಳಿದೆ. ಅವರ ಪ್ರಶ್ನೆಗೆ ಉತ್ತರ ಬಿಲ್ಲಿನಲ್ಲೇ ಇರುತ್ತದೆ, ಆದರೆ ಹೆಚ್ಚಿನವರು ಆ ಸಾಲನ್ನು ಓದುವುದಿಲ್ಲ. ಒಂದು ಬಿಲ್ಲನ್ನು ಸಾಲು ಸಾಲಾಗಿ ಓದುತ್ತಾ ಮೂರು ವಿಷಯ ಮಾತಾಡಬಹುದು: ನಿಗದಿತ ಶುಲ್ಕ ಎಂದರೇನು, ಲೋಡ್ ಇಳಿಸುವುದು ಯಾವಾಗ ತಪ್ಪಾಗುತ್ತದೆ, ಕೆಪಾಸಿಟರ್ ಕೆಟ್ಟರೆ ದಂಡ ಏಕೆ ಬೀಳುತ್ತದೆ.

ನಾನು ಸಣ್ಣ ಕಾರ್ಖಾನೆಗಳ ಬಿಲ್ ಪರಿಶೀಲಿಸುವ ಸಲಹೆಗಾರ. ಇದಕ್ಕೆ ಶುಲ್ಕ ಪಡೆಯುತ್ತೇನೆ, ಅದನ್ನು ಕೇಳುಗರಿಗೂ ತಿಳಿಸಬಹುದು. ಯಾವುದೇ ಉಪಕರಣ ಮಾರುವುದಿಲ್ಲ. ನನ್ನ ಮಾತಿನ ಎರಡು ನಿಮಿಷದ ಧ್ವನಿಮುದ್ರಣದ ಲಿಂಕ್ ಕೆಳಗಿದೆ. ವಾರದ ದಿನಗಳಲ್ಲಿ ಸಂಜೆ 6ರ ನಂತರ ಬಿಡುವಿದ್ದೇನೆ.’

ಎರಡನೆಯ ವಿಷಯವನ್ನು ಗಮನಿಸಿ. ಲೋಡ್ ಇಳಿಸಿದ ಮೇಲೆ ದೊಡ್ಡ ಆರ್ಡರ್ ಬಂದು ಮಿತಿ ಮೀರಿ ಬಳಸಿದರೆ ದಂಡ ಕಟ್ಟಬೇಕಾಗುತ್ತದೆ. ತಾನು ಕೊಡುವ ಸಲಹೆ ಎಲ್ಲಿ ಕೈಕೊಡುತ್ತದೆ ಎಂದು ಮೊದಲೇ ಹೇಳುವ ಅತಿಥಿಯನ್ನು ನಿರೂಪಕರು ನಂಬುತ್ತಾರೆ. ಸಲಹೆಗಾರರ ಪತ್ರ ಬಂದಾಗ ಅವರಿಗಿರುವ ಮೊದಲ ಅಂಜಿಕೆಯೇ, ಸಂಚಿಕೆ ಜಾಹೀರಾತಾದೀತು ಎಂಬುದು. ಶುಲ್ಕದ ಮಾತನ್ನು ತಾವಾಗಿಯೇ ಬರೆಯುವುದು ಅದಕ್ಕಾಗಿ. ಒಂದು ವೇಳೆ ಕಾರ್ಯಕ್ರಮದವರೇ ಅತಿಥಿಯಿಂದ ಹಣ ಕೇಳಿದರೆ ಅದು ಸಂದರ್ಶನವಲ್ಲ, ಪ್ರಚಾರ. ಅಂಥ ಹಣದ ಸಂಬಂಧವಿದ್ದರೆ ಕೇಳುಗರಿಗೆ ಸ್ಪಷ್ಟವಾಗಿ ತಿಳಿಸಬೇಕು ಎನ್ನುತ್ತವೆ ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗಾಗಿ ಹೊರಡಿಸಿದ ಮಾರ್ಗಸೂಚಿಗಳು.

ಧ್ವನಿಮುದ್ರಣದ ಲಿಂಕ್ ಕೂಡ ಅಲಂಕಾರಕ್ಕಲ್ಲ. ಚೆನ್ನಾಗಿ ಬರೆಯುವವರೆಲ್ಲ ಚೆನ್ನಾಗಿ ಮಾತಾಡುವುದಿಲ್ಲ. ಫೋನಿನಲ್ಲೇ ರೆಕಾರ್ಡ್ ಮಾಡಿದರೂ ಸಾಕು, ಫ್ಯಾನ್ ನಿಲ್ಲಿಸಿರಬೇಕು. ಉತ್ತರ ಬರದಿದ್ದರೆ ವಾರ ಹತ್ತು ದಿನ ಬಿಟ್ಟು ಎರಡು ಸಾಲಿನ ನೆನಪೋಲೆ ಕಳಿಸಬಹುದು, ಅದೂ ಒಂದೇ ಸಲ.

ಉತ್ತರ ಬಂದರೆ ಬಹುಶಃ, ‘ಮೊದಲು ಹದಿನೈದು ನಿಮಿಷ ಫೋನಿನಲ್ಲಿ ಮಾತಾಡೋಣವೇ?’ ಎಂದಿರುತ್ತದೆ. ಆ ಕರೆಗೆ ಮುಂಚೆ ಸಲಹೆಗಾರರು ಇನ್ನೊಂದು ಕರೆ ಮಾಡಬೇಕು, ಲೇತ್ ಮಾರಿದ ಗ್ರಾಹಕರಿಗೆ: ‘ಅಣ್ಣಾ, ನಿಮ್ಮ ಬಿಲ್ಲಿನ ಕಥೆಯನ್ನು ಪಾಡ್‌ಕಾಸ್ಟ್‌ನಲ್ಲಿ ಹೇಳಲೇ? ಹೆಸರು, ಏರಿಯಾ ಯಾವುದೂ ಬರುವುದಿಲ್ಲ.’ ಅವರು ಬೇಡವೆಂದರೆ ಆ ಕಥೆಯನ್ನು ಬಿಟ್ಟು, ಸಲಹೆಗಾರರು ತಮ್ಮ ಮನೆಯ ಬಿಲ್ಲನ್ನೇ ಮುಂದಿಟ್ಟುಕೊಂಡು ಕೂರಬೇಕು. ನಿಗದಿತ ಶುಲ್ಕದ ಸಾಲು ಅದರಲ್ಲೂ ಇರುತ್ತದೆ.