ಏಳನೆಯ ತಂಡದ ಬಿಡುವು

ಶಿವಮೊಗ್ಗೆಯಿಂದ ನವುಲೆಯನ್ನು ಹಾದು ಶಿಕಾರಿಪುರದ ದಿಕ್ಕಿಗೆ ಸಾಗುವ ಸವಳಂಗ ರಸ್ತೆಯ ಆಸುಪಾಸಿನ ಆರು ಶಾಲೆಗಳೂ, ಭದ್ರಾವತಿಯಿಂದ ಬರಲೊಪ್ಪಿದ ಒಂದು ಶಾಲೆಯೂ ಕೂಡಿ, ಒಂದೇ ಮೈದಾನದಲ್ಲಿ, ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಒಮ್ಮೆ ಸೆಣಸುವಂತೆ ಫುಟ್‌ಬಾಲ್ ಲೀಗ್ ಒಂದನ್ನು ನಡೆಸಲು ನಿಶ್ಚಯಿಸಿದವೆಂದು ಭಾವಿಸೋಣ. ಏಳನ್ನು ಆರರಿಂದ ಗುಣಿಸಿ ಅರ್ಧಮಾಡಿದರೆ 21 ಪಂದ್ಯಗಳು. ದಿನಕ್ಕೊಂದು ಸುತ್ತು, ಸುತ್ತಿಗೆ ಮೂರು ಪಂದ್ಯಗಳಂತೆ ಏಳು ದಿನಗಳು. ಆದರೆ ಮೂರು ಪಂದ್ಯಗಳಿಗೆ ಆರು ತಂಡಗಳೇ ಸಾಕಾದುದರಿಂದ ಪ್ರತಿದಿನವೂ ಒಂದು ತಂಡ ಆಟವಿಲ್ಲದೆ ಉಳಿಯುತ್ತದೆ. ಇದನ್ನೇ ನಮ್ಮ ದೈಹಿಕ ಶಿಕ್ಷಕರು ‘ಬೈ’ ಎನ್ನುವರು. ಬೆಸಸಂಖ್ಯೆಯ ತಂಡಗಳ ಪಂದ್ಯಪಟ್ಟಿಯ ಕಷ್ಟವೆಲ್ಲ ಈ ಒಂದು ಬಿಡುವಿನ ಹಂಚಿಕೆಯಲ್ಲಿಯೇ ಅಡಗಿದೆ.

ಪಟ್ಟಿಯನ್ನು ರಚಿಸುವ ಚಕ್ರಕ್ರಮವು ಬಹು ಹಳೆಯದು, ಅಷ್ಟೇ ಸುಲಭವಾದದ್ದು. ಕರಿಹಲಗೆಯ ಮೇಲೆ ಎರಡು ಸಾಲುಗಳನ್ನೆಳೆದು, ಮೇಲಿನ ಸಾಲಿನಲ್ಲಿ ಬೈ, 1, 2, 3 ಎಂದೂ, ಅದರ ಕೆಳಗೆ ಎಡದಿಂದ 7, 6, 5, 4 ಎಂದೂ ಬರೆಯಬೇಕು. ಮೇಲೆ ಕೆಳಗೆ ಎದುರುಬದುರಾದವರು ಜೋಡಿಗಳು: ಮೊದಲನೆಯ ದಿನ 1–6, 2–5, 3–4 ಆಡುವರು, ಏಳನೆಯ ತಂಡಕ್ಕೆ ಬಿಡುವು. ಅನಂತರ ಬೈ ಎಂಬುದನ್ನು ಅದರ ಮೂಲೆಯಲ್ಲಿಯೇ ಸ್ಥಿರವಾಗಿ ನಿಲ್ಲಿಸಿ, ಉಳಿದ ಏಳು ಅಂಕೆಗಳನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದೊಂದು ಮನೆ ಸರಿಸಿದರೆ, ಎರಡನೆಯ ದಿನಕ್ಕೆ 7–5, 1–4, 2–3 ಎಂದಾಗಿ ಆರನೆಯ ತಂಡ ವಿಶ್ರಮಿಸುತ್ತದೆ. ಮೂರನೆಯ ದಿನ 6–4, 7–3, 1–2, ಬಿಡುವು ಐದಕ್ಕೆ. ಹೀಗೆ ಒಟ್ಟು ಆರು ಸಲ ಸರಿಸುವಷ್ಟರಲ್ಲಿ ಯಾವ ಜೋಡಿಯೂ ಮರುಕಳಿಸದು, ಯಾವುದೂ ತಪ್ಪದು. ಕೈತಪ್ಪನ್ನು ಹಿಡಿಯಲು ಒಂದು ಚಿಕ್ಕ ಉಪಾಯವುಂಟು: ಒಂದು ದಿನದ ಪ್ರತಿ ಜೋಡಿಯ ಅಂಕೆಗಳನ್ನು ಕೂಡಿಸಿ ಏಳರಿಂದ ಭಾಗಿಸಿದರೆ ಉಳಿಯುವ ಶೇಷವು ಮೂರು ಜೋಡಿಗಳಿಗೂ ಒಂದೇ ಆಗಿರಬೇಕು. ಎರಡನೆಯ ದಿನದ ಮೊತ್ತಗಳು 12, 5, 5. ಶೇಷ ಎಲ್ಲಕ್ಕೂ 5. ಎಲ್ಲಿ ಈ ಶೇಷ ಬೇರೆಯಾಯಿತೋ ಅಲ್ಲಿ ಅಂಕೆ ಜಾರಿದೆಯೆಂದು ತಿಳಿಯತಕ್ಕದ್ದು.

ಗಣಿತದ ಮಟ್ಟಿಗೆ ನಿರ್ದೋಷವಾದ ಈ ಪಟ್ಟಿ ಆಟದ ಮಟ್ಟಿಗೆ ಪೂರ್ತಿ ನಿಷ್ಪಕ್ಷಪಾತವಾದುದಲ್ಲ. ಬಿಡುವು 7, 6, 5 ಎಂದು ಇಳಿಯುತ್ತ ಬಂದು ಕೊನೆಯ ದಿನಕ್ಕೆ ಒಂದನೆಯ ತಂಡದ ಪಾಲಾಗುತ್ತದೆ. ಆ ತಂಡ ತನ್ನ ಆರು ಪಂದ್ಯಗಳನ್ನೂ ಮುಗಿಸಿ, ತನ್ನ ಸ್ಥಾನವನ್ನು ಇತರರ ಕಾಲ್ಗಳು ನಿರ್ಣಯಿಸುವುದನ್ನು ಗಡಿಗೆರೆಯಾಚೆ ನಿಂತು ನೋಡಬೇಕು. 1982ರ ವಿಶ್ವಕಪ್ಪಿನಲ್ಲಿ ಅಲ್ಜೀರಿಯಾ ಹಿಂದಿನ ದಿನವೇ ಆಟ ಮುಗಿಸಿ ಕುಳಿತಿರಲು, ಮರುದಿನ ಹಿಹೋನ್ ನಗರದಲ್ಲಿ ಪಶ್ಚಿಮ ಜರ್ಮನಿ ಆಸ್ಟ್ರಿಯಾವನ್ನು 1–0 ಅಂತರದಿಂದ ಗೆದ್ದು, ಇಬ್ಬರೂ ಮುಂದಕ್ಕೆ ಹೋದರು, ಅಲ್ಜೀರಿಯಾ ಮನೆಗೆ ನಡೆಯಿತು. ಅದು ನಾಲ್ಕು ತಂಡಗಳ ಗುಂಪಾದುದರಿಂದ, ಕೊನೆಯ ಎರಡು ಪಂದ್ಯಗಳನ್ನು ಏಕಕಾಲದಲ್ಲಿ ಆಡಿಸಿ ಮುಂದೆ ಈ ದೋಷವನ್ನು ಸರಿಪಡಿಸಬಹುದಾಯಿತು. ಬೆಸಸಂಖ್ಯೆಯ ಗುಂಪಿನಲ್ಲಿ ಈ ಮದ್ದು ನಡೆಯದು, ಏಕೆಂದರೆ ಯಾರೋ ಒಬ್ಬರು ಕುಳಿತೇ ಇರುವರು. 2026ರ ವಿಶ್ವಕಪ್ಪಿಗೆ ಮೂರು ಮೂರು ತಂಡಗಳ ಗುಂಪುಗಳನ್ನು ಮೊದಲು ಯೋಜಿಸಿದ್ದ ಫಿಫಾ, 2023ರ ಮಾರ್ಚಿನಲ್ಲಿ ನಾಲ್ಕರ ಗುಂಪುಗಳಿಗೇ ಮರಳಿತು. 2021ರಲ್ಲಿ ಮಾಲ್ಡೀವ್ಸಿನಲ್ಲಿ ಐದು ದೇಶಗಳು ಆಡಿದ ಸ್ಯಾಫ್ ಪಂದ್ಯಾವಳಿಯಲ್ಲಿ ಮೊದಲ ಸುತ್ತಿನ ಬಿಡುವು ಭಾರತಕ್ಕೂ ಕೊನೆಯದು ಶ್ರೀಲಂಕೆಗೂ ಬಂದವು. ಶ್ರೀಲಂಕೆ ಅಷ್ಟರೊಳಗೆ ಸ್ಪರ್ಧೆಯಿಂದ ಹೊರಬಿದ್ದಿದ್ದುದರಿಂದ ಅಲ್ಲಿ ಯಾರಿಗೂ ಅನ್ಯಾಯದ ದೂರು ಉಳಿಯಲಿಲ್ಲ, ಅಷ್ಟೆ.

ಇನ್ನೊಂದು ಸೂಕ್ಷ್ಮವನ್ನೂ ನೋಡಬೇಕು. ಬಿಡುವನ್ನು ಅನುಭವಿಸಿದ ತಂಡ ಮರುದಿನ ಯಾರನ್ನು ಎದುರಿಸುತ್ತದೆ? ಏಳು ಐದನ್ನೂ, ಆರು ನಾಲ್ಕನ್ನೂ, ಐದು ಮೂರನ್ನೂ ಎದುರಿಸುತ್ತ ಹೋಗಿ, ಆರನೆಯ ತಂಡವೊಂದನ್ನು ಬಿಟ್ಟು ಮಿಕ್ಕ ಎಲ್ಲರಿಗೂ ಹೀಗೆ ದಣಿವಾರಿಸಿಕೊಂಡ ಎದುರಾಳಿ ಒಮ್ಮೊಮ್ಮೆ ಗಂಟುಬೀಳುತ್ತಾನೆ. ದಿನಂಪ್ರತಿ ಆಡುವ ಹುಡುಗರ ಕಾಲುಗಳಿಗೆ ಈ ಅಂತರ ತಿಳಿಯದೆ ಇರದು.

ಆದುದರಿಂದ ಅಂಕೆಗಳನ್ನು ಚೀಟಿಯೆತ್ತಿ ಹಂಚುವ ರೂಢಿಯಲ್ಲಿ ನಾನೊಂದು ವಿನಾಯಿತಿ ಬಯಸುತ್ತೇನೆ: ಒಂದನೆಯ ಅಂಕೆ ಆತಿಥೇಯ ಶಾಲೆಗೆ ಸಲ್ಲಲಿ. ಅಂತಿಮ ದಿನದ ಅನನುಕೂಲ ಪಂದ್ಯಾವಳಿ ನಡೆಸುವವರ ಮೇಲೆಯೇ ಬೀಳುವುದು ನ್ಯಾಯ. ಬಹುಮಾನ ವಿತರಣೆಯ ಗಡಿಬಿಡಿಯಲ್ಲಿ ಆ ಹುಡುಗರಿಗೆ ಆಟವಿಲ್ಲದಿದ್ದರೆ ಅನುಕೂಲವೂ ಹೌದು. ಭದ್ರಾವತಿಯ ತಂಡಕ್ಕೆ ನಾಲ್ಕನೆಯ ಅಂಕೆ ಕೊಟ್ಟರೆ ಬಿಡುವು ಸರಿಯಾಗಿ ನಡುವಿನ ದಿನ ಬಂದು, ನಿತ್ಯದ ಬಸ್ಸಿನ ಪಯಣಕ್ಕೆ ಒಂದು ವಿರಾಮ ದೊರೆಯುತ್ತದೆ. ಉಳಿದ ಐದಕ್ಕೆ ಚೀಟಿ ಎತ್ತಲಿ. ಬಿಡುವಿನ ಶಾಲೆಯ ದೈಹಿಕ ಶಿಕ್ಷಕರೇ ಅಂದಿನ ಪಂದ್ಯಗಳಿಗೆ ಸೀಟಿ ಹಿಡಿದರೆ ತೀರ್ಪುಗಾರರ ಕೊರತೆಯೂ ಅಷ್ಟರಮಟ್ಟಿಗೆ ನೀಗುವುದು.

ಉದ್ಘಾಟನೆಯ ಹಿಂದಿನ ದಿನ ಎಂಟನೆಯ ಶಾಲೆಯೊಂದು ತಾನೂ ಆಡುವೆನೆಂದು ಬಂದರೆ ಗಾಬರಿ ಬೇಡ: ‘ಬೈ’ ಎಂದು ಬರೆದ ಮೂಲೆಯಲ್ಲಿ ಅದರ ಹೆಸರನ್ನು ಬರೆದರಾಯಿತು. ಪಂದ್ಯಗಳು 28 ಆಗುವುವು, ದಿನಕ್ಕೆ ಮೂರರ ಬದಲು ನಾಲ್ಕು. ದಿನಗಳು ಮಾತ್ರ ಅದೇ ಏಳು.